ರೊಟ್ಟಿ ಅಂಗಡಿಯ ಮೂರನೇ ಪುಟ

ಮಲ್ಲತ್ತಹಳ್ಳಿಯಲ್ಲಿ ರೊಟ್ಟಿ, ಚಟ್ನಿಪುಡಿ ಮಾರುವ ಒಂದು ಅಂಗಡಿ ಹಾಕಬೇಕೆಂದು ಶಿವರಂಜನಿ ಲೆಕ್ಕ ಹಾಕಿ ಬರೆದದ್ದು ಮೂರು ಪುಟ. ಅದನ್ನು ಸ್ನೇಹಿತರಿಗೆ ವಾಟ್ಸಾಪ್ ಮಾಡುವ ಕೆಲಸ ಗಂಡ ಚನ್ನವೀರೇಶನದು. ಅವನು ಕಳಿಸಿದ್ದು ಎರಡೇ ಪುಟ.

ಮೊದಲೆರಡು ಪುಟಗಳನ್ನು ಓದಿದಾಗ ಅವನಿಗೆ ಹೆಂಡತಿಯ ಮೇಲೆ ಹೆಮ್ಮೆಯೇ ಆಗಿತ್ತು. ಅಡ್ವಾನ್ಸು, ರೊಟ್ಟಿ ಮಷಿನ್ನು, ಒಳಗಿನ ಕೆಲಸ, ಕೈಯಲ್ಲಿ ಓಡಾಡಲು ಬೇಕಾದ ದುಡ್ಡು ಸೇರಿ ಒಟ್ಟು ಎಂಟು ಲಕ್ಷ. ಅವಳದು ಮೂರು, ಐದು ಜನ ಸ್ನೇಹಿತರದು ಒಂದೊಂದು. ಮೊದಲ ವರ್ಷ ಲಾಭವಿಲ್ಲ. ಅಂದುಕೊಂಡಂತೆ ನಡೆದರೆ ಎರಡನೇ ವರ್ಷದಿಂದ ಲಕ್ಷಕ್ಕೆ ಪ್ರತಿವರ್ಷ ಸುಮಾರು ಹನ್ನೆರಡು ಸಾವಿರ ಪಾಲು. ಮೂರನೆಯ ಪುಟದಲ್ಲಿ ಅವಳು ‘ಏನು ಕೆಡಬಹುದು’ ಎಂದು ತಲೆಬರಹ ಕೊಟ್ಟು ಬರೆದಿದ್ದಳು. ಕೊನೆಯ ಸಾಲು ಹೀಗಿತ್ತು: ‘ನನ್ನ ಗಂಡನಿಗೆ ಎಂಟು ತಿಂಗಳಿಂದ ಕೆಲಸವಿಲ್ಲ. ಆದ್ದರಿಂದ ಲಾಭ ಬರಲಿ ಬಿಡಲಿ, ತಿಂಗಳಿಗೆ ಹದಿನೈದು ಸಾವಿರ ಸಂಬಳ ನಾನು ತೆಗೆದುಕೊಳ್ಳಲೇಬೇಕಾಗುತ್ತದೆ.’

ಅವನು ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಾನೆಂದು ಸ್ನೇಹಿತರೆಲ್ಲ ನಂಬಿದ್ದರು. ಆ ಸಾಲನ್ನು ಅಳಿಸಲು ನೋಡಿದ, ಅವಳು ಬರೆದದ್ದನ್ನು ತಿದ್ದಲು ಮನಸ್ಸು ಬರಲಿಲ್ಲ. ಕೊನೆಗೆ ಇಡೀ ಪುಟವನ್ನೇ ತೆಗೆದುಬಿಟ್ಟ.

ಭಾನುವಾರ ಮೂವರು ಮನೆಗೆ ಬಂದರು. ಶಾಲೆಯಿಂದ ನಿವೃತ್ತರಾಗಿದ್ದ ಕಲ್ಯಾಣಮ್ಮ, ಬ್ಯಾಂಕಿನ ಗಿರಿರಾಜ್, ಶಿವರಂಜನಿಯ ಕಾಲೇಜು ಗೆಳತಿ ಜಗದಾಂಬಾ. ಉಳಿದಿಬ್ಬರು ಫೋನಿನಲ್ಲೇ ಒಪ್ಪಿಕೊಂಡಿದ್ದರು. ಕಾಫಿ ಕುಡಿದದ್ದಾಯಿತು. ಜಗದಾಂಬಾ ಚೆಕ್ಕನ್ನೇ ತಂದಿದ್ದಳು.

“ಇರೇ, ಮೊದಲು ಮೂರನೇ ಪುಟದ ಬಗ್ಗೆ ಕೇಳೋದಿದ್ರೆ ಕೇಳಿಬಿಡಿ,” ಎಂದಳು ಶಿವರಂಜನಿ. “ಯಾರೂ ಅದರ ಮಾತೇ ಎತ್ತಲಿಲ್ಲ.”

“ಮೂರನೇದಾ? ನಂಗೆ ಬಂದಿದ್ದು ಎರಡೇ ಕಣಮ್ಮ,” ಎಂದರು ಕಲ್ಯಾಣಮ್ಮ.

ಗಿರಿರಾಜ್ ಫೋನು ತೆಗೆದು ನೋಡಿ, “ನಂಗೂ ಎರಡೇ,” ಎಂದ.

ಶಿವರಂಜನಿ ಗಂಡನ ಕಡೆ ತಿರುಗಿದಳು. ಚನ್ನವೀರೇಶ ಖಾಲಿ ಲೋಟಗಳನ್ನು ಒಂದರೊಳಗೊಂದು ಜೋಡಿಸತೊಡಗಿದ. ಅವಳಿಗೆ ಕೇಳುವ ಅಗತ್ಯವೇ ಬೀಳಲಿಲ್ಲ. ಅವಳ ಮುಖ ಕೆಂಪಾಯಿತು. ಸಿಟ್ಟಿಗಲ್ಲ, ಅವನ ಪರವಾಗಿ ತಾನೇ ನಾಚಿಕೊಂಡವಳಂತೆ. ಅದನ್ನು ನೋಡಿ ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು.

ಅವಳು ಒಳಗೆ ಹೋಗಿ ತನ್ನ ಪ್ರತಿ ತಂದಳು.

“ಕೊಡು, ನಾನೇ ಓದ್ತೀನಿ,” ಎಂದ ಅವನು.

ಓದಿದ. ಬಾಡಿಗೆ ಕರಾರು ಹನ್ನೊಂದೇ ತಿಂಗಳದ್ದು, ಮಾಲೀಕರು ಬಿಡಿಸಬಹುದು. ಹತ್ತಿರದಲ್ಲೇ ಇನ್ನೆರಡು ರೊಟ್ಟಿ ಕೇಂದ್ರಗಳಿವೆ. ಇದು ಬಡ್ಡಿ ಸಾಲವಲ್ಲ, ಪಾಲು, ನಷ್ಟದಲ್ಲೂ ಪಾಲೇ. ಅಂಗಡಿ ಮುಚ್ಚಿದರೆ ಅಡ್ವಾನ್ಸು ಮತ್ತು ಮಷಿನ್ನಿನ ಅರ್ಧ ಬೆಲೆ ಸಿಕ್ಕೀತು, ಅಂದರೆ ಲಕ್ಷಕ್ಕೆ ನಲವತ್ತು ಸಾವಿರ. ಕೊನೆಯ ಸಾಲನ್ನೂ ಬಿಡದೆ ಓದಿದ.

“ನಾನೇ ತೆಗ್ದೆ. ನನ್ನ ವಿಷಯ ಇತ್ತು ಅಂತ. ಅವಳಿಗೆ ಗೊತ್ತಿರಲಿಲ್ಲ.”

ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಜಗದಾಂಬಾ ಚೆಕ್ಕನ್ನು ಮಡಿಚಿ ಪರ್ಸಿಗೆ ಹಾಕಿಕೊಂಡಳು. “ಬೇಜಾರಾಗ್ಬೇಡ ಕಣೇ ರಂಜು. ಇದು ಮಗಳ ಫೀಸಿಗಿಟ್ಟ ದುಡ್ಡು. ನಲವತ್ತೇ ವಾಪಸ್ ಬಂದ್ರೆ ನಂಗೆ ತಡ್ಕೊಳ್ಳೋಕಾಗಲ್ಲ. ಗೊತ್ತಿಲ್ದೇ ಕೊಟ್ಟುಬಿಡ್ತಿದ್ದೆ ನೋಡು.”

ಆ ಮಾತು ಚನ್ನವೀರೇಶನಿಗೆ ಚುಚ್ಚಿತು. ತನ್ನ ಮಾನ ಉಳಿಸಿಕೊಳ್ಳಲು ಆ ಹುಡುಗಿಯ ಫೀಸನ್ನೇ ಪಣಕ್ಕಿಟ್ಟಿದ್ದೆ ಎಂಬುದು ಅವನಿಗೆ ಆಗಲೇ ಹೊಳೆದದ್ದು.

“ಸಂಬಳದ ವಿಷಯ ಕರಾರಲ್ಲಿ ಬರೆಸೋಣ,” ಎಂದ ಗಿರಿರಾಜ್. “ನಾನಿರ್ತೀನಿ.”

“ಲೆಕ್ಕಪತ್ರ ನಾನು ನೋಡ್ಕೊಳ್ತೀನಿ. ಇಪ್ಪತ್ತು ವರ್ಷ ಅದೇ ಮಾಡಿದೀನಿ,” ಎಂದು ಬಾಯಿಬಿಟ್ಟ ಚನ್ನವೀರೇಶ.

ಕಲ್ಯಾಣಮ್ಮ ಮೆಲ್ಲಗೆ, “ಬೇಡಪ್ಪ. ಲೆಕ್ಕ ನಾನು ನೋಡ್ತೀನಿ,” ಎಂದರು. ಅವನು ತಲೆಯಾಡಿಸಿದ.

ಅವರು ಹೋದ ಮೇಲೆ ಅವನು ಐದೂ ಜನರಿಗೆ ಮೂರು ಪುಟಗಳನ್ನು ಮತ್ತೆ ಕಳಿಸಿ, ತಪ್ಪು ತನ್ನದೆಂದು ಬರೆದ. ಫೋನಿನಲ್ಲಿ ಒಪ್ಪಿದ್ದ ಇಬ್ಬರೂ ಓದಿದ ಮೇಲೂ ಪಾಲುದಾರರಾಗಿ ಉಳಿದರು. ಕಡಿಮೆಯಾದ ಒಂದು ಲಕ್ಷವನ್ನು ಸರಿದೂಗಿಸಲು ಹೊಸ ಮಷಿನ್ನು ಬಿಟ್ಟು ಹಳೆಯದನ್ನು ತಂದರು.

ಅಂಗಡಿ ತೆರೆದ ಮೇಲೆ ಶಿವರಂಜನಿ ಅವನೊಡನೆ ರೊಟ್ಟಿ, ಹಿಟ್ಟಿನ ಮಾತಷ್ಟೇ ಆಡುತ್ತಿದ್ದಳು. ಮೊದಲಿನ ಸಲಿಗೆ ಇನ್ನೂ ಮರಳಿರಲಿಲ್ಲ. ಒಂದು ಸಂಜೆ, ವರ್ಷಗಳ ಹಿಂದೆಯೇ ಅವನ ಕಂಪನಿ ಬಿಟ್ಟುಹೋಗಿದ್ದ ಕಿಟ್ಟಿ ಬೈಕು ನಿಲ್ಲಿಸಿ ಒಳಗೆ ಬಂದ.

“ಏನ್ ಸಾರ್, ನಿಮ್ದಾ ಅಂಗಡಿ? ಕೆಲಸ ಬಿಟ್ಬಿಟ್ರಾ?”

ಹಿಂದೆ ಮಷಿನ್ನಿನ ಬಳಿ ಹೆಂಡತಿ ಇದ್ದಳು.

“ನನ್ ಹೆಂಡ್ತೀದು, ಅವಳ ಸ್ನೇಹಿತರದು. ನನ್ನನ್ನ ಕೆಲಸದಿಂದ ತೆಗೆದ್ರು ಕಿಟ್ಟಿ. ಇಲ್ಲಿ ಕಟ್ಟಿಕೊಡೋ ಕೆಲಸ ಮಾಡ್ತೀನಿ.”

ಹೇಳುವಾಗ ಕಿವಿ ಬಿಸಿಯಾಯಿತು. ಕಿಟ್ಟಿ ಏನೆಂದುಕೊಂಡನೋ, ಹತ್ತು ರೊಟ್ಟಿ ಕೇಳಿದ. ಚನ್ನವೀರೇಶ ಎಣಿಸಿ ಕಟ್ಟಿಕೊಟ್ಟ.