ನಿಯೆವೆಸ್ ಹೇಳಿದ ಪುಟ್ಟ ನೋವು

ನಿಯೆವೆಸ್ ರೈಲು ಹತ್ತಬಹುದೇ, ಬಾರದೇ? ಡಾ. ನುಸೈಬಾ ಅದನ್ನು ಬೆಳಿಗ್ಗೆಯೇ ಹೇಳಬೇಕಿತ್ತು. ಮುಂಬೈ ರೈಲು ಮಧ್ಯಾಹ್ನ ಉಡುಪಿಯಿಂದ ಹೊರಡುತ್ತದೆ. ಹತ್ತಿದ ಮೇಲೆ ಮರುದಿನದವರೆಗೆ ಹೊಟ್ಟೆ ಕೊಯ್ದು ನೋಡಬಲ್ಲ ವೈದ್ಯರು ಸಿಗುವುದಿಲ್ಲ.

ಕಾರ್ಕಳದ ಆ ಸಣ್ಣ ನರ್ಸಿಂಗ್ ಹೋಮಿನ ಮಂಚದ ಮೇಲೆ ನಿಯೆವೆಸ್ ಅಂಗಾತ ಮಲಗಿದ್ದಳು. ಬೊಲಿವಿಯಾದ ಐಕಿಲೆ ಎಂಬ ಬೆಟ್ಟದೂರಿನವಳು, ಇಪ್ಪತ್ತೆಂಟರ ಸನ್ಯಾಸಿನಿ. ತನ್ನ ಸಭೆಯ ಕಾನ್ವೆಂಟು ಬೆಳ್ಮಣ್ಣಿನಲ್ಲಿದ್ದುದರಿಂದ ಕೆಲವು ತಿಂಗಳ ತರಬೇತಿಗೆ ಬಂದವಳು ಈಗ ಊರಿಗೆ ಮರಳುವವಳಿದ್ದಳು. ಅದು 1999ರ ಫೆಬ್ರುವರಿ. ಅವಳಿಗೆ ಬರುತ್ತಿದ್ದುದು ಸ್ಪ್ಯಾನಿಷ್ ಮತ್ತು ಕೆಚುವಾ. ಅವಳ ಮಾತನ್ನು ಕನ್ನಡಕ್ಕೆ ತರಲು ಜೊತೆಗಿದ್ದವರು ಅದೇ ಕಾನ್ವೆಂಟಿನ ಸಿಸ್ಟರ್ ಮೇಬಲ್. ಸ್ಪೇನಿನ ಬುರ್ಗೋಸ್ ನಗರದ ವೃದ್ಧಾಶ್ರಮದಲ್ಲಿ ಹಲವು ವರ್ಷ ದುಡಿದು ಬಂದವರು.

"ನೋವು ಎಷ್ಟುಂಟು ಕೇಳಿ," ಎಂದರು ನುಸೈಬಾ.

ಮೇಬಲ್ ಕೇಳಿದರು. ನಿಯೆವೆಸ್ ನಕ್ಕಳು. "ಉನ್ ದೊಲೊರ್‌ಸಿತೊ, ದೊಕ್ತೊರ್‌ಸಿತಾ."

"ಸಣ್ಣ ನೋವಂತೆ," ಎಂದರು ಮೇಬಲ್. ಎರಡನೆಯ ಪದವನ್ನು ಅವರು ಬಿಟ್ಟುಬಿಟ್ಟರು. ದೊಕ್ತೊರಾ ಎಂದರೆ ವೈದ್ಯೆ. ಅದರ ಬಾಲಕ್ಕೆ 'ಸಿತಾ' ಅಂಟಿದರೆ ಪುಟ್ಟ ವೈದ್ಯೆ. ಬುರ್ಗೋಸಿನಲ್ಲಿ ಹಾಗೆ ಕರೆದರೆ ಕೊಂಕು: ನೀನೊಬ್ಬಳು ಡಾಕ್ಟರಾ ಎಂದ ಹಾಗೆ. ಅಷ್ಟು ಮರ್ಯಾದಸ್ಥೆಯಾದ ಹುಡುಗಿ ಹೀಗೆ ಏಕೆ ಅಂದಳು ಎಂದು ಮೇಬಲ್‌ಗೆ ಮುಜುಗರವಾಯಿತು.

ನುಸೈಬಾ ಹೊಟ್ಟೆಯನ್ನು ಇನ್ನೊಮ್ಮೆ ಒತ್ತಿ ನೋಡಿದರು. ಮೆದುವಾಗಿತ್ತು. ಬಲಬದಿಯಲ್ಲಿ ಒತ್ತಿದಾಗ ನಿಯೆವೆಸ್ ಕಣ್ಣು ಮುಚ್ಚಿದಳು, ಉಸಿರೆತ್ತಲಿಲ್ಲ. ಸಣ್ಣ ಜ್ವರ ಇತ್ತು. ರಕ್ತದಲ್ಲಿ ಬಿಳಿಕಣ ತುಸು ಹೆಚ್ಚಿತ್ತು, ಮೂತ್ರದಲ್ಲೂ ಕೆಲವು ಕಂಡಿದ್ದವು. ಕರುಳಿನ ಗಾಳಿಯಿಂದಾಗಿ ಸ್ಕ್ಯಾನಿನಲ್ಲಿ ಏನೂ ಸ್ಪಷ್ಟವಿರಲಿಲ್ಲ.

"ಅಪೆಂಡಿಕ್ಸ್ ಆಗಿದ್ದರೆ ಇಷ್ಟೊತ್ತಿಗೆ ಕೂಗಬೇಕಿತ್ತು. ಮೂತ್ರದ ಸೋಂಕು ಅಂತ ಕಾಣ್ತದೆ. ಮಾತ್ರೆ ಕೊಡ್ತೇನೆ, ಹೋಗಲಿ. ಏನಂತೀರಿ ಸಿಸ್ಟರ್?"

"ಅವಳೇ ಸಣ್ಣದು ಅಂತಾಳಲ್ವಾ."

ನುಸೈಬಾ ಕಾಪುವಿನವರು. ಮಾತು ಕಡಿಮೆ. ಪೆನ್ನು ತೆಗೆದವರು ಬರೆಯದೆ ನಿಂತರು. "ಆದರೆ ಇವಳ ಹಣೆ ನೋಡಿ. ಬೆವರು. ಫ್ಯಾನ್ ಕೆಳಗೆ ಮಲಗಿದ್ದಾಳೆ ಮಾರಾಯ್ರೆ."

ಬಾಗಿಲಲ್ಲಿ ಕಾನ್ವೆಂಟಿನ ಜೀಪು ಹಾರ್ನ್ ಹೊಡೆಯಿತು. ಪೆಟ್ಟಿಗೆಗಳು ಅದರಲ್ಲೇ ಇದ್ದವು. ಮೇಬಲ್ ರೋಗಿಯ ಬಳಿ ಬಗ್ಗಿ ಮತ್ತೆ ಕೇಳಿದರು: ಹೋಗಬಲ್ಲೆಯಾ?

ಬಲ್ಲೆ ಎಂದಳು ನಿಯೆವೆಸ್. ಒಂದು ರಾತಿತೊ, ಅಂದರೆ ಒಂದು ಪುಟ್ಟ ಹೊತ್ತು, ಕುಳಿತು ಏಳುತ್ತೇನೆ. ಅಗ್ವಿತಾ ಕೊಡಿ, ಪುಟ್ಟ ನೀರು. ಆಮೇಲೆ ಅಂದಳು: "ನೊ ಸೊಯ್ ಕೆಹೋನಾ."

ಮೇಬಲ್ ತಡೆದು ನಿಂತರು. ಬುರ್ಗೋಸಿನಲ್ಲಿ ಈ ಮಾತು 'ಕೆಹೀಕಾ' ಎಂದಾಗುತ್ತಿತ್ತು. ಆದರೂ ಅರ್ಥ ತಿಳಿಯಿತು. ಕ್ರಿಯೆಗೆ 'ಓನ್' ಸೇರಿಸಿದರೆ, ಹೆಣ್ಣಾದರೆ 'ಓನಾ', ಅದನ್ನು ಅತಿಯಾಗಿ ಮಾಡುವವರೆಂಬ ಬೈಗುಳ. ಅಳುವವಳು ಯೊರೋನಾ, ತಿನ್ನುವವಳು ಕೊಮಿಲೋನಾ.

"ಎಂತ ಹೇಳಿದಳು?" ಕೇಳಿದರು ನುಸೈಬಾ.

"ನಾನು ಅಳುಬುರುಕಿ ಅಲ್ಲ ಅಂತ. ಅಂದರೆ, ನೋವು ನೋವು ಅಂತ ಗೋಳಾಡುವವಳಲ್ಲ ಅಂತ."

"ಯಾರಾದರೂ ಅವಳನ್ನು ಹಾಗೆ ಕರೆದರಾ?"

"ಇಲ್ಲ."

"ಕರೆಯದೆ ಇದ್ದರೂ ಹೇಳಿದಳಲ್ವಾ. ಹೆದರಿಕೆ ಉಂಟು ಅವಳಿಗೆ."

ನಿಯೆವೆಸ್ ಕುಡಿದು ಬರಿದು ಮಾಡಿದ ಲೋಟವನ್ನು ಮೇಬಲ್ ಎತ್ತಿಟ್ಟರು. ಅವರ ಕಿವಿಯಲ್ಲಿ 'ಪುಟ್ಟ ನೀರು' ಎಂಬ ಮಾತು ಉಳಿದಿತ್ತು. ಕೇಳಿದ್ದು ಪುಟ್ಟ ನೀರು, ಕುಡಿದದ್ದು ಲೋಟ ಪೂರ್ತಿ. ಬುರ್ಗೋಸಿನ ಮುದುಕರು ಈ ಬಾಲವನ್ನು ಮಕ್ಕಳಿಗೆ, ಮುದ್ದಿಗೆ, ಕೆಲವೊಮ್ಮೆ ಹಂಗಿಸಲು ಬಳಸುತ್ತಿದ್ದರು, ಅದೂ ಅಳೆದು. ಆಶ್ರಮದ ಅಡುಗೆಯವಳು ಅರಗೋನ್ ಕಡೆಯವಳು. ಅವಳ ಬಾಯಲ್ಲಿ ಅದು 'ಇಕೊ' ಆಗುತ್ತಿತ್ತು, ಅಸ್ತೂರಿಯಾಸಿನ ತೋಟದವನ ಬಾಯಲ್ಲಿ 'ಇನ್'. ಊರು ಬದಲಾದರೆ ಬಾಲ ಬದಲಾಗುವುದು ಅವರಿಗೆ ಗೊತ್ತಿತ್ತು. ಅದರ ತೂಕವೂ ಬದಲಾಗುತ್ತದೆಯೇ? ಬೊಲಿವಿಯಾದವರ ನಡುವೆ ಅವರು ಬದುಕಿರಲಿಲ್ಲ.

"ಡಾಕ್ಟ್ರೇ, ಎರಡು ನಿಮಿಷ ಕೊಡಿ. ಇವಳ ಅಳತೆಗೋಲು ನನಗೆ ಗೊತ್ತಿಲ್ಲ. ದೊಡ್ಡದು ಅಂತ ನಮಗೆ ಖಾತ್ರಿ ಇರುವ ಸಂಗತಿಯನ್ನು ಕೇಳಿ ನೋಡ್ತೇನೆ."

"ಜೀಪಿನವರು?"

"ಹಾರ್ನ್ ಹೊಡೀಲಿ."

ಹಿಂದಿನ ವರ್ಷ ಮೇ ತಿಂಗಳಲ್ಲಿ ಐಕಿಲೆಯಲ್ಲಿ ಭೂಕಂಪವಾಗಿತ್ತು. ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ಕಾನ್ವೆಂಟಿನಲ್ಲಿ ಅವರಿಗಾಗಿ ಪ್ರಾರ್ಥನೆ ನಡೆದಿತ್ತು. ಆ ದಿನ ಏನಾಯಿತು ಎಂದು ಮೇಬಲ್ ಕೇಳಿದರು.

ನಿಯೆವೆಸ್ ಚಾವಣಿ ನೋಡುತ್ತ ಹೇಳಿದಳು. ಪುಟ್ಟ ಕಂಪನ ಬಂತು, ತೆಂಬ್ಲೊರ್‌ಸಿತೊ. ನಮ್ಮ ಮನೆ ಬಿತ್ತು, ತೊದಿತಾ. ಚಿಕ್ಕಪ್ಪ ಒಳಗಿದ್ದರು, ಪಾಪ. ಪುಟ್ಟ ಹೆಣಗಳನ್ನು ಬೀದಿಯಲ್ಲಿ ಮಲಗಿಸಿದ್ದೆವು.

ಮೇಬಲ್ ನುಸೈಬಾ ಕಡೆ ತಿರುಗಿದರು. ತೊದಾ ಎಂದರೆ ಪೂರ್ತಿ. ಪೂರ್ತಿ ಎಂಬುದು ಸಣ್ಣದಾಗಲು ಸಾಧ್ಯವಿಲ್ಲ. ಅದಕ್ಕೆ 'ಇತಾ' ಸೇರಿದರೆ ಒಂದು ಗೋಡೆಯೂ ಉಳಿಯದ ಹಾಗೆ ಪೂರ್ತಿ.

"ಡಾಕ್ಟ್ರೇ, ನಾನು ತಪ್ಪು ಹೇಳಿದೆ. ಊರು ನೆಲಕ್ಕೆ ಬಿದ್ದದ್ದನ್ನೂ ಇವಳು ಪುಟ್ಟ ಕಂಪನ ಅಂತಾಳೆ. ಅದು ಗಾತ್ರ ಅಲ್ಲ. ಎದುರಿಗಿದ್ದವರಿಗೆ ಭಾರ ಆಗಬಾರದು ಅಂತ ಮಾತನ್ನು ಮೆತ್ತಗೆ ಮಾಡುವುದು. ನಿಮ್ಮನ್ನೂ ಪುಟ್ಟ ಡಾಕ್ಟ್ರೇ ಅಂದಳು. ಹೀಯಾಳಿಸಿದ್ದಲ್ಲ, ಕೈ ಮುಗಿದ ಹಾಗೆ."

ನುಸೈಬಾ ಪೆನ್ನು ಜೇಬಿಗಿಟ್ಟರು. "ನಮ್ಮಲ್ಲಿ 'ಸ್ವಲ್ಪ ಬನ್ನಿ' ಅಂದರೆ ಕಾಲು ಭಾಗ ಮಾತ್ರ ಬರುವುದಾ? ಹಾಗೆ."

"ಹಾಗೆಯೇ. ಆದರೆ ನಾವು ಬೇಡುವಾಗ ಹೇಳುವುದು. ಇವಳು ಎಲ್ಲದಕ್ಕೂ ಹೇಳ್ತಾಳೆ."

"ಹಾಗಾದರೆ ಇನ್ನು ಎಷ್ಟು ಅಂತ ಕೇಳುವುದು ಬೇಡ. ಎಡಮಗ್ಗುಲಿಗೆ ತಿರುಗಲು ಹೇಳಿ."

ನಿಯೆವೆಸ್ ತಿರುಗಿದಳು. ನುಸೈಬಾ ಅವಳ ಬಲಗಾಲನ್ನು ಹಿಡಿದು ಮೆಲ್ಲಗೆ ಹಿಂದಕ್ಕೆ ಎಳೆದರು. ಅಪೆಂಡಿಕ್ಸ್ ಕರುಳಿನ ಹಿಂದೆ ಅಡಗಿದ್ದರೆ ಮುಂದಿನಿಂದ ಹೊಟ್ಟೆ ಮೆದುವಾಗಿಯೇ ಇರಬಹುದು. ಕಾಲು ಹಿಂದಕ್ಕೆ ಹೋದಾಗ ಬೆನ್ನಿನ ಕಡೆಯ ಸ್ನಾಯು ಜಗ್ಗಿ ಅದನ್ನು ಕೆಣಕುತ್ತದೆ.

ನಿಯೆವೆಸ್‌ಳ ಕೈ ದಿಂಬನ್ನು ಹಿಸುಕಿತು. ಬಾಯಿ ಬಿಗಿದೇ ಇತ್ತು.

ಮೇಬಲ್ ಅವಳ ಕಿವಿಯ ಬಳಿ ಹೇಳಿದರು: "ಇಲ್ಲಿ ಯಾರೂ ನಿನ್ನನ್ನು ಕೆಹೋನಾ ಅನ್ನುವುದಿಲ್ಲ. ಹೇಳದಿದ್ದರೆ ಡಾಕ್ಟರಿಗೆ ಗೊತ್ತಾಗುವುದಿಲ್ಲ."

ನಿಯೆವೆಸ್ ದಿಂಬು ಬಿಟ್ಟು ಮೇಬಲ್ ಅವರ ಕೈ ಹಿಡಿದಳು. ಆಮೇಲೆ ನಿಯೆವೆಸ್ ಅಂದಳು: "ಮೆ ದುಯೆಲೆ."

"ನೋಯ್ತದೆ ಅಂತಾಳೆ," ಎಂದರು ಮೇಬಲ್. "ಈಗ ಪುಟ್ಟ ಅನ್ನಲಿಲ್ಲ. ಬರೀ ನೋಯ್ತದೆ."

"ಆಂಬುಲೆನ್ಸ್ ತೆಗೀರಿ!" ನುಸೈಬಾ ಬಾಗಿಲ ಕಡೆ ಕೂಗಿದರು. "ಮಣಿಪಾಲಕ್ಕೆ. ನಾನು ಫೋನ್ ಮಾಡ್ತೇನೆ. ಸಿಸ್ಟರ್, ಆ ಜೀಪಿನವರಿಗೆ ಪೆಟ್ಟಿಗೆ ಇಳಿಸಲು ಹೇಳಿ."

ಬೈಲೂರು, ಹಿರಿಯಡ್ಕ, ಪರ್ಕಳ ದಾಟಿ ಆಂಬುಲೆನ್ಸ್ ಓಡಿತು. ಪ್ರತಿ ಹಂಪಿನಲ್ಲೂ ನಿಯೆವೆಸ್ ಉಸಿರು ಹಿಡಿಯುತ್ತಿದ್ದಳು. ಡ್ರೈವರ್ ಶಮೀರ್ ಕನ್ನಡಿಯಲ್ಲಿ ನೋಡಿ, "ಸಿಸ್ಟರ್, ಈ ರೋಡ್ ನನ್ನ ತಪ್ಪಲ್ಲ," ಎಂದ. ಮೇಬಲ್ ಅದನ್ನು ಅನುವಾದಿಸಿದರು. ನಿಯೆವೆಸ್ ನಗಲು ಹೋಗಿ ಹೊಟ್ಟೆ ಹಿಡಿದುಕೊಂಡಳು.

ಸಂಜೆ ಶಸ್ತ್ರವೈದ್ಯರು ಹೊರಗೆ ಬಂದರು. ಅಪೆಂಡಿಕ್ಸ್ ಕರುಳಿನ ಹಿಂದೆ ಕಪ್ಪಾಗಿತ್ತು, ಒಡೆದಿರಲಿಲ್ಲ. "ರೈಲಿನಲ್ಲಿ ಒಡೆಯುತ್ತಿತ್ತು," ಎಂದಷ್ಟೇ ಹೇಳಿ ಅವರು ಮುಖಗವಸು ಕಳಚುತ್ತ ಮುಂದೆ ನಡೆದರು.

ವಾರ್ಡಿನಲ್ಲಿ ನರ್ಸ್ ಪ್ಯಾಟ್ರಿಶಿಯಾ ಇಂಜೆಕ್ಷನ್ ತಟ್ಟೆ ಹಿಡಿದು ಬಂದಳು. "ಸಿಸ್ಟರ್, ನೋವು ಎಷ್ಟುಂಟು ಕೇಳ್ತೀರಾ? ಕಡಿಮೆ ಇದ್ದರೆ ಇದು ಬೇಡ."

"ಅದನ್ನು ಕೇಳುವುದಿಲ್ಲ," ಎಂದರು ಮೇಬಲ್. "ಕೆಮ್ಮಲು ಹೇಳ್ತೇನೆ. ನೀವು ಅವಳ ಕೈ ನೋಡಿ."

ಕೆಮ್ಮುವ ಮೊದಲೇ ನಿಯೆವೆಸ್‌ಳ ಎರಡೂ ಕೈ ಹೊಲಿಗೆಯ ಮೇಲೆ ಹೋದವು. ಪ್ಯಾಟ್ರಿಶಿಯಾ ಸಿರಿಂಜ್ ತೆಗೆದುಕೊಂಡಳು.