ಚಾರ್ಟರ್‌ಗೆ ಸೇರಿಸಬೇಕಿದ್ದ ಸಾಲು

ಹಾಸ್ಟೆಲಿನಲ್ಲಿ ಅವಳನ್ನು ಎಲ್ಲರೂ ಅನುಮಾನಕ್ಕ ಅಂತಲೇ ಕರೆಯುತ್ತಿದ್ದರು. ಅವಳೇನೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅಪ್ಪ ಬಸ್ಸುಗಳಲ್ಲಿ ಟಿಕೆಟ್ ತಪಾಸಣೆ ಮಾಡುವವರು. ಅನುಮಾನ ಅವರ ಮನೆಗೆ ಅನ್ನ ಹಾಕುವ ಗುಣ. "ಟಿಕೆಟ್ ಇಲ್ಲದೋನು ಯಾವಾಗಲೂ ಕಿಟಕಿ ಹೊರಗೇ ನೋಡ್ತಾನೆ ಮಗಳೇ" ಎಂದು ಅಪ್ಪ ಹೇಳುತ್ತಿದ್ದರು. ವಾರ್ಡನ್ ಮೇಡಂ ಕಿಟಕಿ ಹೊರಗೆ ನೋಡುತ್ತಾ ಮಾತಾಡಿದ ದಿನ ಅವಳಿಗೆ ಮೊದಲು ನೆನಪಾದದ್ದೇ ಆ ಮಾತು.

ಮೇಡಂ ಹತ್ತಿರ ಅವಳು ಹೋಗಿದ್ದು ಅಸೈನ್‌ಮೆಂಟಿನ ಸಲುವಾಗಿ. ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಪಾಠ ಮಾಡುವ ಮೇಷ್ಟ್ರು ಇಬ್ಬಿಬ್ಬರ ಜೋಡಿ ಮಾಡಿ, ಹಾಸ್ಟೆಲ್ ಮೆಸ್ಸಿನ ನವೀಕರಣಕ್ಕೆ ಒಂದು ಪ್ರಾಜೆಕ್ಟ್ ಚಾರ್ಟರ್ ಬರೆಯಿರಿ ಎಂದಿದ್ದರು. ಕೆಲಸ ಯಾಕೆ ಬೇಕು, ಏನು ಮಾಡುತ್ತೇವೆ, ಏನು ಮಾಡುವುದಿಲ್ಲ, ಯಾವುದನ್ನು ನಿಜ ಅಂತ ನಂಬಿ ಹೊರಟಿದ್ದೇವೆ, ಯಾರು ಹೊಣೆ ಹೊರುತ್ತಾರೆ ಎಂದೆಲ್ಲ ಎರಡೇ ಪುಟದಲ್ಲಿ ಹೇಳಬೇಕು. ಕೊನೆಯಲ್ಲಿ ಸ್ಪಾನ್ಸರ್ ರುಜು. "ಸ್ಪಾನ್ಸರ್ ಅಂದ್ರೆ ದುಡ್ಡೂ ಅಧಿಕಾರವೂ ಯಾರ ಕೈಲಿದೆಯೋ ಅವರು. ಇಲ್ಲಿ ಪ್ರಿನ್ಸಿಪಾಲರು. ಒಳ್ಳೇ ಕರಡುಗಳನ್ನ ಅವರೇ ಓದ್ತಾರೆ. ಸುಮ್ಮನೆ ಕೂತು ಬರೀಬೇಡಿ, ಮೆಸ್ಸಿಗೆ ಸಂಬಂಧಪಟ್ಟೋರನ್ನ ಮಾತಾಡಿಸಿ" ಎಂದಿದ್ದರು ಮೇಷ್ಟ್ರು.

ಅವಳ ಜೊತೆಗಾತಿ, ಅದೇ ಕೋಣೆಯವಳು, ಬಾಗಿಲ ಚೌಕಟ್ಟಿಗೆ ತಲೆ ತಾಗುವಷ್ಟು ಎತ್ತರ. ಅದಕ್ಕೇ ಅವಳ ಹೆಸರು ಪುಟ್ಟಿ.

ಯಾವತ್ತೂ ಗಂಟು ಮುಖದ ವಾರ್ಡನ್ ಅಂದು ಇಬ್ಬರನ್ನೂ ಕುರ್ಚಿ ಎಳೆದು ಕೂರಿಸಿದರು, ಚಹಾ ತರಿಸಿದರು. ಮುರಿದ ಬೆಂಚು, ಕಟ್ಟಿಕೊಳ್ಳುವ ಸಿಂಕು, ಹೊಗೆ ಎಳೆಯದ ಫ್ಯಾನು ಎಲ್ಲವನ್ನೂ ತಾವಾಗಿಯೇ ಹೇಳಿದರು. ಆಮೇಲೆ ಕಿಟಕಿಯತ್ತ ತಿರುಗಿ, "ಒಂದು ಸಾಲು ಮಾತ್ರ ಮರೀದೆ ಸೇರಿಸಿ. ಕೆಲಸ ಶುರುವಾಗೋಕೆ ಮುಂಚೆ ಊಟದ ಹಾಲ್ ಪೂರ್ತಿ ಖಾಲಿ ಮಾಡಬೇಕು ಅಂತ. ಮತ್ತೆ... ನನ್ನ ಹೆಸರು ಎಲ್ಲೂ ಬರಬಾರದು" ಎಂದರು.

ಹೊರಗೆ ಬಂದ ಮೇಲೆ ಅನುಮಾನಕ್ಕ ತುಟಿ ಕಚ್ಚಿಕೊಂಡಳು. "ಪುಟ್ಟೀ, ಬೆಳ್ಳಗಿರೋದೆಲ್ಲ ಹಾಲಲ್ಲ ಕಣೇ. ಚಹಾ ಯಾಕೆ ಕೊಟ್ರು?"

"ಬಾಯಾರಿಕೆ ಆಗಿರುತ್ತೆ ಅಂತ."

"ನಾಲ್ಕು ಬೆಂಚು, ಒಂದು ಫ್ಯಾನು ಬದಲಾಯಿಸೋಕೆ ಇಡೀ ಹಾಲ್ ಯಾಕೆ ಖಾಲಿ ಮಾಡಬೇಕು? ಅರ್ಧರ್ಧ ಮಾಡಬಹುದಲ್ವಾ? ಮೆಸ್ ಮುಚ್ಚಿಸಿ ಹಾಲನ್ನ ಯಾರಿಗೋ ಬಾಡಿಗೆಗೆ ಕೊಡೋ ಹುನ್ನಾರ ಇದು. ನಾಳೆ ಕೇಳಿದ್ರೆ 'ಹುಡುಗೀರೇ ಬರೆದುಕೊಟ್ರು' ಅಂತಾರೆ. ನಮ್ಮ ಹೆಗಲ ಮೇಲೆ ಬಂದೂಕು ಇಟ್ಟು ಹೊಡೀತಿದ್ದಾರೆ."

ಪುಟ್ಟಿ ನಕ್ಕಳು. ಆದರೆ ಮೊನ್ನೆ ಅಳತೆಯ ಟೇಪು ಹಿಡಿದ ಅಪರಿಚಿತನೊಬ್ಬ ಮೇಡಂ ಜೊತೆ ಹಾಲಿನೊಳಗೆ ಗುಸುಗುಸು ಮಾತಾಡುತ್ತಿದ್ದುದನ್ನು ಅವಳೂ ನೋಡಿದ್ದಳು. ಅದನ್ನು ಹೇಳಿದ್ದೇ ತಡ, ಅನುಮಾನಕ್ಕನಿಗೆ ಕಾಲು ನೆಲದ ಮೇಲೆ ನಿಲ್ಲದಂತಾಯಿತು.

ಮಾರನೆಯ ಮಧ್ಯಾಹ್ನ ಊಟ ಮುಗಿದು ತಟ್ಟೆಗಳ ಸದ್ದಡಗಿದ ಮೇಲೆ ಇಬ್ಬರೂ ಹಾಲಿನಲ್ಲೇ ಉಳಿದರು. ದಿನವೂ ಉಂಡು ಹೋಗುವ ಜಾಗ. ಕಣ್ಣಿಟ್ಟು ನೋಡಿದ್ದೇ ಇಲ್ಲ. ಹಿಂದಿನ ಮೂಲೆಯ ಮೇಜುಗಳನ್ನು ಮುಂದಕ್ಕೆ ತಳ್ಳಿದ್ದರು. ಆ ಮೂಲೆಗೆ ಯಾರೂ ಹೋಗದಂತೆ ಎರಡು ಹಳೆಯ ಬೀರುಗಳನ್ನು ಅಡ್ಡ ನಿಲ್ಲಿಸಿದ್ದರು.

"ಬಾಡಿಗೆಯವರಿಗೆ ಈಗಲೇ ಗಡಿ ಹಾಕಿಟ್ಟಿದ್ದಾರೆ ನೋಡು" ಎನ್ನುತ್ತಾ ಅನುಮಾನಕ್ಕ ಬೀರುಗಳ ನಡುವೆ ನುಸುಳಿದಳು.

"ಬಾ ಈಚೆ!"

ವಾರ್ಡನ್ ಬಾಗಿಲಲ್ಲಿ ನಿಂತಿದ್ದರು. ದನಿಯಲ್ಲಿದ್ದದ್ದು ಗದರಿಕೆಯಲ್ಲ, ಭಯ. ಓಡಿ ಬಂದು ಅವಳ ರಟ್ಟೆ ಹಿಡಿದು ಎಳೆದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿದೆ ಎಂದುಕೊಂಡಳು ಅನುಮಾನಕ್ಕ.

"ಯಾಕೆ ಮೇಡಂ, ಅಲ್ಲೇನಿದೆ?"

ಮೇಡಂ ಬೆರಳನ್ನಷ್ಟೇ ಮೇಲೆತ್ತಿದರು.

ಹೊಸ ಸುಣ್ಣ ಬಳಿದ ಸೂರಿನಲ್ಲಿ ಕಂದು ಕಲೆಗಳು ಮತ್ತೆ ಮೂಡಿದ್ದವು. ಒಂದು ಕಡೆ ಕಾಂಕ್ರೀಟು ಕಳಚಿ ಬಿದ್ದು, ತುಕ್ಕು ಹಿಡಿದ ಕಂಬಿಗಳು ಪಕ್ಕೆಲುಬಿನ ಹಾಗೆ ಕಾಣುತ್ತಿದ್ದವು. ಅದರ ನೇರ ಮೇಲೆ ನೀರಿನ ಟ್ಯಾಂಕಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು.

"ರಜೇಲಿ ಬಿತ್ತು, ಖಾಲಿ ಮೇಜಿನ ಮೇಲೆ" ಎಂದರು ಮೇಡಂ. "ಆಫೀಸಿಗೆ ಹೇಳ್ದೆ. ಅಡ್ಮಿಶನ್ ಸಮಯ, ಗಾಬರಿ ಎಬ್ಬಿಸಬೇಡಿ, ಸುಣ್ಣ ಬಳಿಸಿ ಅಂದ್ರು. ಮತ್ತೆ ಹೇಳಿದ್ದಕ್ಕೆ, ನಿಮ್ಮ ಕೆಲಸ ಕಾಯಂ ಅಲ್ಲ ಅನ್ನೋದು ನೆನಪಿರಲಿ ಅಂದ್ರು. ನಮ್ಮ ಭಾವ ಕಟ್ಟಡ ಕಟ್ಟಿಸೋರು. ಮೊನ್ನೆ ಬಂದು ನೋಡಿ, ಇದರ ಕೆಳಗೆ ಯಾರನ್ನೂ ಕೂರಿಸಬೇಡ ಅಂದ್ರು."

"ಅದಕ್ಕೆ ನಮ್ಮ ಕೈಲಿ ಬರೆಸೋಕೆ ಹೊರಟ್ರಿ."

"ಹೂಂ."

"ಆದ್ರೂ ನಾವು ದಿನಾ ಇಲ್ಲೇ ಉಣ್ತಿದ್ವಿ!" ಅನುಮಾನಕ್ಕನ ಸಂಶಯ ಅರ್ಧ ನಿಜವಾಗಿತ್ತು. ಬಂದೂಕಂತೂ ಹೆಗಲ ಮೇಲೆ ಇತ್ತು, ಗುರಿ ಮಾತ್ರ ಬೇರೆ.

"ಬೀರು ಅಡ್ಡ ಇಟ್ಟೆ. ಅದಕ್ಕಿಂತ ಹೆಚ್ಚು ಧೈರ್ಯ ಬರಲಿಲ್ಲ" ಎಂದರು ಮೇಡಂ. ಈ ಸಲ ಅವರು ಕಿಟಕಿಯತ್ತ ನೋಡಲಿಲ್ಲ.

ಕೋಣೆಗೆ ಬಂದು ಕರಡನ್ನು ಹರಡಿಕೊಂಡರೆ ಅದರಲ್ಲಿ ಪುಟ್ಟಿಯ ಕೈಬರಹ: "ಊಹೆ: ಕಟ್ಟಡ ಗಟ್ಟಿಯಾಗಿದೆ." ಎಲ್ಲ ಲೆಕ್ಕಾಚಾರವೂ ಆ ಒಂದು ಸಾಲಿನ ಮೇಲೆ ನಿಂತಿತ್ತು. ಪುಟ್ಟಿ ಅದನ್ನು ಹೊಡೆದುಹಾಕಿದಳು. ಅಪಾಯಗಳ ಭಾಗದಲ್ಲಿ ಸೂರಿನ ಸ್ಥಿತಿ ಮೊದಲು ಬಂತು. ಉದ್ದೇಶದಲ್ಲಿ "ಅಂದ" ಹೋಗಿ "ಸುರಕ್ಷತೆ" ಬಂತು. ಮೊದಲ ಮೈಲಿಗಲ್ಲು ಹೊಸ ಬೆಂಚಲ್ಲ, ಎಂಜಿನಿಯರರಿಂದ ಸೂರಿನ ತಪಾಸಣೆ. ಅದರ ವರದಿ ಬರುವ ತನಕ ಉಳಿದ ಕೆಲಸ, ಖರ್ಚು ಯಾವುದೂ ನಿಗದಿಯಾಗದು. ಹಾಲ್ ಖಾಲಿ ಮಾಡುವ ಸಾಲಿಗೆ ಕಾರಣವನ್ನೂ ಬರೆದು, ಆಟದ ಕೋಣೆಯಲ್ಲಿ ಊಟ ಎಂದು ಸೇರಿಸಿದರು, ಮೆಸ್ಸು ನಿಲ್ಲಬಾರದಲ್ಲ.

ಸಂಬಂಧಪಟ್ಟವರ ಪಟ್ಟಿಗೆ ಬಂದಾಗ ಅನುಮಾನಕ್ಕ ಪೆನ್ನು ಕೆಳಗಿಟ್ಟಳು. "ವಾರ್ಡನ್ ಇಲ್ಲದ ಮೆಸ್ ಚಾರ್ಟರ್ ಯಾರು ನಂಬ್ತಾರೆ? ಹೆಸರು ಬಿಟ್ರೇ ಅನುಮಾನ ಹೆಚ್ಚು. ಹುದ್ದೆ ಮಾತ್ರ ಹಾಕೋಣ. ಸೂರು ನೋಡಿದ್ದು ನಾವು, ಅದು ಸುಳ್ಳಲ್ಲ."

ಮೇಷ್ಟ್ರು ಕರಡು ಓದಿ ಕನ್ನಡಕ ತೆಗೆದರು. ಹಾಲಿಗೆ ಹೋಗಿ ತಾವೇ ನೋಡಿ ಬಂದರು. ಆಮೇಲೆ ಇಬ್ಬರನ್ನೂ ಪ್ರಿನ್ಸಿಪಾಲರ ಕೋಣೆಗೆ ಕರೆದೊಯ್ದರು.

ಪ್ರಿನ್ಸಿಪಾಲರು ಪುಟ ತಿರುಗಿಸುತ್ತಾ ಹುಬ್ಬು ಗಂಟಿಕ್ಕಿದರು. "ಇದನ್ನ ನಿಮ್ಮ ತಲೇಲಿ ತುಂಬಿದ್ದು ಯಾರು?"

"ತಲೇಲಿ ಯಾರೂ ತುಂಬಲಿಲ್ಲ ಸರ್, ತಲೆ ಮೇಲೆ ಇತ್ತು" ಎಂದಳು ಪುಟ್ಟಿ.

ಅನುಮಾನಕ್ಕ ಅವರ ಕಣ್ಣನ್ನೇ ನೋಡುತ್ತಿದ್ದಳು. ಇವರಿಗೆ ಮೊದಲೇ ಗೊತ್ತಿತ್ತೇ, ಇಲ್ಲವೇ? ತಿಳಿಯಲಿಲ್ಲ. "ಸರ್, ರುಜು ಹಾಕೋಕೆ ಮುಂಚೆ ಬಂದು ನೋಡಿ. ನೋಡಿಯೂ ಹಾಕದಿದ್ರೆ ನಾವು ಇದನ್ನ ಹಾಸ್ಟೆಲ್ ಬಾಗಿಲಿಗೆ ಅಂಟಿಸ್ತೀವಿ. ಅಪ್ಪ ಅಮ್ಮಂದಿರು ಓದಲಿ."

ಮೇಷ್ಟ್ರು ಕೆಮ್ಮಿದರು. ಪ್ರಿನ್ಸಿಪಾಲರು ಎದ್ದು ಹಾಲಿನತ್ತ ಹೊರಟರು.

ಸಂಜೆಯೊಳಗೆ ಹಾಲಿಗೆ ಬೀಗ ಬಿತ್ತು. ಎಂಜಿನಿಯರರು ಬಂದು ಟ್ಯಾಂಕು ಖಾಲಿ ಮಾಡಿಸಿದರು, ಸೂರಿಗೆ ಕಬ್ಬಿಣದ ಆಸರೆ ಕಂಬಗಳನ್ನು ಕೊಡಿಸಿದರು. ಹುಡುಗಿಯರು ಆಟದ ಕೋಣೆಯಲ್ಲಿ ಟೇಬಲ್ ಟೆನ್ನಿಸ್ ಮೇಜಿನ ಸುತ್ತ ನಿಂತು ಉಂಡರು, ಗೊಣಗಿದವರೇ ಹೆಚ್ಚು. ಅಸೈನ್‌ಮೆಂಟಿಗೆ ಮೇಷ್ಟ್ರು ಅಂಕ ಕಳೆದರು, ಚಾರ್ಟರ್ ಮೂರನೆಯ ಪುಟಕ್ಕೆ ಹೋಗಿತ್ತು.

ಚಾರ್ಟರಿನಲ್ಲಿ ಹೆಸರು ಹಾಕದ್ದರಿಂದಲೇ ವಾರ್ಡನ್ ಮೇಡಂ ಕೆಲಸ ಉಳಿಯಿತು ಎಂದು ಪುಟ್ಟಿ ಹೇಳುತ್ತಿದ್ದಳು. ಆದರೆ ವರ್ಷದ ಕೊನೆಗೆ ಅವರ ಜಾಗಕ್ಕೆ ಬೇರೊಬ್ಬರು ಬಂದರು. ಸೊಸೆಯ ಬಾಣಂತನಕ್ಕೆ ತಾವೇ ಬಿಟ್ಟು ಹೋದರು ಎಂದಿತು ಆಫೀಸು. ಅನುಮಾನಕ್ಕ ಅದನ್ನು ನಂಬಲಿಲ್ಲ. ಮೇಡಂ ನಂಬರು ಹುಡುಕಿ ಫೋನು ಮಾಡಿದಳು.

"ಯಾರು ಹೇಳಿದ್ರೂ ನಂಬೋದಿಲ್ಲ ಅಲ್ವೇನೇ ನೀನು?" ಆ ಕಡೆಯಿಂದ ನಗು ಕೇಳಿತು, ಅದರ ಹಿಂದೆ ಎಳೆಮಗುವಿನ ಅಳು. ಅಳು ಕೇಳಿದ ಮೇಲೂ ಅವಳು ಕೇಳಿಯೇ ಬಿಟ್ಟಳು: "ನಿಜ ಹೇಳಿ ಮೇಡಂ. ತೆಗೆದುಹಾಕಿದ್ರಾ?"

"ಮಗುಗೆ ಹಸಿವಾಗಿದೆ, ಫೋನ್ ಇಡ್ತೀನಮ್ಮ" ಎಂದರು ಮೇಡಂ.