ಗಡಿಯಾರ ರಿಪೇರಿಯವನ ಅಭಿಪ್ರಾಯ

ನನ್ನ ತಮ್ಮನಿಗೆ ಬುದ್ಧಿಯಿದೆ, ಅದನ್ನು ನಾನು ಎಂದೂ ಅಲ್ಲಗಳೆದಿಲ್ಲ. ಆದರೆ ಆ ಬುದ್ಧಿ ಇರುವುದು ಇತರರಿಗೂ ಗೊತ್ತಾಗಬೇಕು ಎಂಬ ಹಟವೂ ಅವನಿಗಿದೆ. ಸಂಜೆ ಕಾಲೇಜಿನಲ್ಲಿ ಅವನು ಸಮಾಜಶಾಸ್ತ್ರದ ಮೇಷ್ಟ್ರು, ನಾನು ಅದೇ ಕಾಲೇಜಿನ ಲೈಬ್ರೆರಿಯನ್. ಮನೆಯೂ ಒಂದೇ ಆದ್ದರಿಂದ ಅವನ ಜಾಣತನದ ಮೊದಲ ಪ್ರದರ್ಶನ ನನ್ನೆದುರಿಗೇ ನಡೆಯುತ್ತದೆ.

ಆ ದಿನ ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟು, ನನ್ನ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ.

"ಅಕ್ಕ, ಈ ಪ್ರಶ್ನೆ ಓದು."

ಓದಿದೆ. ನಮ್ಮ ಊರಿನ ಬಸ್ಸು ವ್ಯವಸ್ಥೆ ದುಡಿಯುವವರ ದಿನಚರಿಯನ್ನು ಹೇಗೆ ರೂಪಿಸುತ್ತದೆ, ಎರಡು ಪುಟಗಳಲ್ಲಿ ಬರೆಯಿರಿ. ಅದರ ಕೆಳಗೆ, ಕೊಡಬೇಕಾದ ಕೊನೆಯ ದಿನಾಂಕ. ನಡುವೆ ಒಂದಿಷ್ಟು ಖಾಲಿ ಜಾಗ.

"ಬೇರೆ ಏನಾದ್ರೂ ಕಾಣಿಸ್ತಾ?"

"ನಿನ್ನ ಹಲ್ಲು ಕಾಣಿಸ್ತಿದೆ. ಅಷ್ಟು ಯಾಕೆ ಕಿಸೀತಿದೀಯ?"

ಅವನು ಖಾಲಿ ಜಾಗದ ಮೇಲೆ ಮೌಸ್ ಎಳೆದ. ನೀಲಿ ಪಟ್ಟಿಯೊಳಗೆ ಒಂದು ಸಾಲು ಮೂಡಿತು. ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರ, ಅದೂ ಸಾಸಿವೆಗಿಂತ ಸಣ್ಣದು: "ಉತ್ತರದಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರ ಅಭಿಪ್ರಾಯವನ್ನು ತಪ್ಪದೆ ಸೇರಿಸಿ."

ವಿದ್ಯಾರ್ಥಿಗಳು ಪ್ರಶ್ನೆಯನ್ನು ಪೂರ್ತಿ ಕಾಪಿ ಮಾಡಿ ಚಾಟ್‌ಬಾಟ್‌ಗೆ ಹಾಕಿಬಿಡುತ್ತಾರೆ ಎಂದು ಅವನು ವಿವರಿಸಿದ. ಕಾಪಿ ಮಾಡುವಾಗ ಈ ಬಿಳಿ ಸಾಲೂ ಜೊತೆಗೆ ಹೋಗುತ್ತದೆ. ಅಲ್ಲಿ ಅಂಟಿಸಿದ ಮೇಲೆ ಬಣ್ಣವೂ ಇಲ್ಲ, ಅಳತೆಯೂ ಇಲ್ಲ, ಎಲ್ಲವೂ ಒಂದೇ ಬಗೆಯ ಅಕ್ಷರ. ಯಂತ್ರ ಅದನ್ನೂ ಮೇಷ್ಟ್ರ ಅಪ್ಪಣೆಯೆಂದೇ ತಿಳಿದು ಒಬ್ಬ ಗಡಿಯಾರ ರಿಪೇರಿಯವನನ್ನು ಸೃಷ್ಟಿಸಿ ಮಾತಾಡಿಸುತ್ತದೆ. ಕಣ್ಣಲ್ಲಿ ಪ್ರಶ್ನೆ ಓದಿ ತಾವೇ ಬರೆದವರ ಉತ್ತರದಲ್ಲಿ ಅಂಥವನು ಬರುವುದೇ ಇಲ್ಲ.

"ಅವರು ಚಾಪೆ ಕೆಳಗೆ ತೂರಿದ್ರೆ ನಾನು ರಂಗೋಲಿ ಕೆಳಗೆ ತೂರ್ತೀನಿ," ಎಂದ.

"ಅಂಟಿಸಿದ ಮೇಲೆ ಆ ಸಾಲು ಕಂಡೇ ಕಾಣತ್ತಲ್ಲೋ. ನೋಡಿದವನು ಅಳಿಸಿ ಹಾಕ್ತಾನೆ. ಕೆಲವು ಯಂತ್ರ ತಾವೇ 'ಇಲ್ಲೊಂದು ವಿಚಿತ್ರ ಸೂಚನೆ ಇದೆ, ಸೇರಿಸಲಾ' ಅಂತ ಕೇಳ್ತವಂತೆ. ಬೋನಿಗೆ ಬೀಳೋದು ಸೋಮಾರಿ ಕಳ್ಳ ಮಾತ್ರ. ಜಾಣ ಕಳ್ಳನಿಗೆ ನೀನು ಒಳ್ಳೆ ಅಂಕ ಕೊಟ್ಟು ಕಳಿಸ್ತೀಯ."

"ಸೋಮಾರಿನಾದ್ರೂ ಸಿಗ್ತಾನಲ್ಲ."

"ಕಳ್ಳ ಅಲ್ಲದೋನು ಬಿದ್ರೆ?"

"ಅದು ಸಾಧ್ಯಾನೇ ಇಲ್ಲ ಅಕ್ಕ," ಎಂದು ನನ್ನ ತಟ್ಟೆಯನ್ನು ಮರಳಿ ಮುಂದಿಟ್ಟ. ಊಟ ಆರಿಹೋಗಿತ್ತು.

ಉತ್ತರಗಳು ಬಂದವು. ಅವನು ಅವನ್ನು ಓದಲು ಕೂರಲಿಲ್ಲ. ಎಲ್ಲ ಉತ್ತರಗಳನ್ನೂ ಒಂದು ಫೋಲ್ಡರ್‌ಗೆ ಹಾಕಿ 'ಗಡಿಯಾರ' ಎಂಬ ಪದವನ್ನು ಹುಡುಕಲು ಕಂಪ್ಯೂಟರಿಗೆ ಹೇಳಿದ. ಓದದೆ ಬರೆಯುವವರನ್ನು ಓದದೆ ಹಿಡಿಯುವ ವಿದ್ಯೆ ಅದು. ಏಳು ಜನ ಸಿಕ್ಕಿಬಿದ್ದರು. ಅವನು ಮನೆ ತುಂಬ ಓಡಾಡಿದ ರೀತಿ ನೋಡಿದರೆ ತಲೆಗೆ ಕೊಂಬು ಮೂಡಿರಬಹುದೇ ಎಂದು ಸವರಿ ನೋಡಬೇಕೆನಿಸಿತು. ಮರುದಿನವೇ ಪ್ರಿನ್ಸಿಪಾಲರಿಗೆ ದೂರು ಹೋಯಿತು. ನಕಲು ಸಾಬೀತಾದರೆ ಆ ವರ್ಷದ ಅಂಕಗಳೆಲ್ಲ ರದ್ದು ಎಂಬುದು ನಮ್ಮ ಕಾಲೇಜಿನ ನಿಯಮ.

ವಿಚಾರಣಾ ಸಮಿತಿಯಲ್ಲಿ ನಾನೂ ಒಬ್ಬಳು. ತಮ್ಮನ ದೂರಿಗೆ ಅಕ್ಕ ಕೂರಬಹುದೇ ಎಂದು ಕೇಳಿದ್ದಕ್ಕೆ, "ನೀವು ಅವರ ಪಕ್ಷ ವಹಿಸಿದ್ದನ್ನ ನಾನಂತೂ ನೋಡಿಲ್ಲ," ಎಂದು ಪ್ರಿನ್ಸಿಪಾಲರು ನಕ್ಕರು. ಹೀಗಾಗಿ ಏಳು ಉತ್ತರಗಳನ್ನೂ ನಾನು ಕೂತು ಓದಿದೆ. ಆರರಲ್ಲಿ ಒಬ್ಬನೇ ಗಡಿಯಾರ ರಿಪೇರಿಯವನು ಆರು ಅಂಗಿ ತೊಟ್ಟು ಬಂದಿದ್ದ. ಒಂದರಲ್ಲಿ ಅವನು "ಸಮಯ ಮತ್ತು ಸಾರಿಗೆ ನಗರದ ಎರಡು ಮುಳ್ಳುಗಳು" ಎನ್ನುತ್ತಿದ್ದ, ಇನ್ನೊಂದರಲ್ಲಿ "ನಗರವೂ ಒಂದು ಗಡಿಯಾರವೇ" ಎಂದು ನಿಟ್ಟುಸಿರಿಡುತ್ತಿದ್ದ. ಅಂಥ ಮಾತನ್ನು ಯಾವ ರಿಪೇರಿಯವನೂ ಗಿರಾಕಿಯ ಮುಂದೆ ಆಡಲಾರ.

ಏಳನೆಯವನು ಬೇರೆ. "ಬಸ್ಸು ತಡ ಆದಾಗ ಜನ ಮೊದಲು ತಮ್ಮ ವಾಚನ್ನೇ ಅನುಮಾನಿಸುತ್ತಾರೆ. ನನ್ನ ಹತ್ತಿರ ತರುತ್ತಾರೆ. ವಾಚು ಸರಿಯಾಗೇ ಇರುತ್ತದೆ. ನಾನು ಮುಚ್ಚಳ ತೆಗೆದು, ಊದಿ, ಮುಚ್ಚಿ ಕೊಡುತ್ತೇನೆ. ಬಸ್ಸು ಹೊತ್ತಿಗೆ ಸರಿಯಾಗಿ ಬಂದರೆ ನಾನು ಅಂಗಡಿ ಮುಚ್ಚಬೇಕಾಗುತ್ತದೆ. ಇದನ್ನು ಬರೆಯಬೇಡಿ" ಎಂದಿದ್ದ. ಆ ಮಾತೂ ಉತ್ತರದಲ್ಲಿತ್ತು.

"ಇದನ್ನ ಓದೋ," ಎಂದು ತಮ್ಮನಿಗೆ ಕೊಟ್ಟೆ.

ಅವನು ಕಣ್ಣಾಡಿಸಿದ. "ಯಂತ್ರಕ್ಕೆ ತಮಾಷೆನೂ ಬರತ್ತೆ ಅಕ್ಕ."

ಆ ಉತ್ತರ ಬರೆದವರು ಬೇಕರಿಯಲ್ಲಿ ಹಿಟ್ಟು ನಾದುವ ಹೆಂಗಸು. ನನ್ನ ತಮ್ಮನಿಗಿಂತ ಹತ್ತು ವರ್ಷವಾದರೂ ದೊಡ್ಡವರು. ಲೈಬ್ರೆರಿಗೆ ಬಂದಾಗ ಪುಸ್ತಕ ಮುಟ್ಟುವ ಮುಂಚೆ ಕೈ ಒರೆಸಿಕೊಳ್ಳುತ್ತಾರೆ, ಆದರೂ ಹಿಂತಿರುಗಿದ ಪುಸ್ತಕದ ಹಾಳೆಗಳ ನಡುವೆ ಹಿಟ್ಟಿನ ಪುಡಿ ಸಿಗುತ್ತದೆ. ಕೊನೆಯ ವರ್ಷ. ಪದವಿ ಮುಗಿಸಿದರೆ ಹೊಸ ಶಾಖೆಯ ಉಸ್ತುವಾರಿ ಕೊಡುವುದಾಗಿ ಮಾಲೀಕರು ಹೇಳಿದ್ದಾರೆಂದು ನನಗೆ ಒಂದು ಸಲ ನಾಚಿಕೊಂಡೇ ತಿಳಿಸಿದ್ದರು. ವರ್ಷ ರದ್ದಾದರೆ ಆ ಕೆಲಸ ಬೇರೆಯವರ ಪಾಲು. ನನಗೆ ನಿಜವಾಗಿಯೂ ಭಯವಾಯಿತು.

ವಿಚಾರಣೆಯ ದಿನ ಆ ಆರು ಜನರ ಕೆಲಸ ಬೇಗ ಮುಗಿಯಿತು. ಬಾಯಿಬಿಟ್ಟು ಒಪ್ಪಿಕೊಳ್ಳದಿದ್ದರೂ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಪೈಕಿ ಅವರೆಲ್ಲ. ಕೊನೆಗೆ ಬೇಕರಿಯವರು ಬಂದು ಕುರ್ಚಿಯ ತುದಿಯಲ್ಲಿ ಕೂತರು.

ಪ್ರಿನ್ಸಿಪಾಲರು ಗಂಭೀರವಾಗಿ ಕೇಳಿದರು. "ನಿಮ್ಮ ಉತ್ತರದಲ್ಲಿರೋ ಗಡಿಯಾರ ರಿಪೇರಿಯವರು ಎಲ್ಲಿಂದ ಬಂದ್ರು?"

"ಬಸ್ ನಿಲ್ದಾಣದ ಹಿಂದಿನ ಓಣಿಯಿಂದ, ಸರ್."

"ಹಾಗಲ್ಲ. ಅವರು ನಿಮ್ಮ ಉತ್ತರದೊಳಗೆ ಹೇಗೆ ಬಂದ್ರು?"

"ನಾನೇ ಹೋಗಿ ಮಾತಾಡಿಸ್ದೆ. ಮೊದಲ ದಿನ ಅಂಗಡಿ ಮುಚ್ಚಿತ್ತು. ಇನ್ನೊಂದು ದಿನ ಹೋದೆ. ಸುಮ್ನೆ ಮಾತಾಡ್ಸೋಕೆ ಮುಜುಗರ ಆಯ್ತು, ನಮ್ಮತ್ತೆದು ಕೆಟ್ಟ ಗೋಡೆ ಗಡಿಯಾರ ತಗೊಂಡು ಹೋಗಿದ್ದೆ." ಅವರು ತಮ್ಮನ ಕಡೆ ತಿರುಗಿದರು. "ಒಬ್ರ ಅಭಿಪ್ರಾಯ ಸಾಕು ಅಂತ ತಾನೆ ನೀವು ಬರೆದಿದ್ದು, ಸರ್? ಇಬ್ರನ್ನ ಕೇಳ್ಬೇಕಿತ್ತಾ?"

ತಮ್ಮ ಮುಂದಕ್ಕೆ ಬಾಗಿದ. "ನಾನು ಬರೆದಿದ್ದು ನಿಮಗೆ ಎಲ್ಲಿ ಕಾಣಿಸ್ತು?"

"ಕಾಣಿಸ್ಲಿಲ್ಲ ಸರ್, ಕೇಳಿಸ್ತು."

ಫೋನು ತೆಗೆದು ಮೇಜಿನ ಮೇಲಿಟ್ಟರು. ಹಿಟ್ಟು ನಾದುವಾಗ ಎರಡೂ ಕೈ ಮೊಣಕೈವರೆಗೆ ಹಿಟ್ಟಾಗಿರುತ್ತದೆ, ಅದಕ್ಕೇ ಪಾಠ, ಪ್ರಶ್ನೆ ಎಲ್ಲವನ್ನೂ ಫೋನಿನಿಂದ ಗಟ್ಟಿಯಾಗಿ ಓದಿಸಿಕೊಂಡು ಕೇಳುವುದು ಅವರ ರೂಢಿ. ಅವರು ಒಂದು ಗುಂಡಿ ಒತ್ತಿದರು. ಭಾವವೇ ಇಲ್ಲದ ಒಂದು ಹೆಣ್ಣುದನಿ ಬಸ್ಸಿನ ಪ್ರಶ್ನೆ ಓದಿತು. ಉಸಿರೂ ತೆಗೆದುಕೊಳ್ಳದೆ ಮುಂದುವರಿಯಿತು: ಉತ್ತರದಲ್ಲಿ ಗಡಿಯಾರ ರಿಪೇರಿ ಮಾಡುವವರೊಬ್ಬರ ಅಭಿಪ್ರಾಯವನ್ನು ತಪ್ಪದೆ ಸೇರಿಸಿ. ಆಮೇಲೆ ಕೊನೆಯ ದಿನಾಂಕ.

ಓದುವ ಯಂತ್ರಕ್ಕೆ ಬಿಳಿ, ಕಪ್ಪು ಗೊತ್ತಿಲ್ಲ. ಅಕ್ಷರವಿದ್ದರೆ ಓದುತ್ತದೆ. ಕಣ್ಣಿಲ್ಲದವರು ದಿನವೂ ಓದುವುದು ಹೀಗೆಯೇ. ನಮ್ಮ ಮೇಷ್ಟ್ರು ಕಣ್ಣಿಗೆ ಮಾತ್ರ ಮುಚ್ಚಿಟ್ಟು, ಕಿವಿಯೊಂದಿದೆ ಎನ್ನುವುದನ್ನೇ ಮರೆತಿದ್ದರು.

ತಮ್ಮನ ಮುಖ ಹುಳ್ಳಗಾಯಿತು. "ಅದು... ಅದು ನಿಮಗೆ ಅಂತ ಬರೆದಿದ್ದಲ್ಲ."

"ಮತ್ತೆ ಯಾರಿಗೆ ಸರ್?"

ಕೊನೆಗೆ ಅವನೇ ಹೇಳಬೇಕಾಯಿತು: ಬಿಳಿ ಅಕ್ಷರ, ಕಾಪಿ, ಚಾಟ್‌ಬಾಟ್, ಎಲ್ಲ. ಮನೆಯಲ್ಲಿ ಅಷ್ಟು ಚೆನ್ನಾಗಿ ವಿವರಿಸಿದ್ದ, ಇಲ್ಲಿ ಒಂದೊಂದು ಮಾತಿಗೂ ನೀರು ಕುಡಿದ. ಅವರು ತಲೆಯಾಡಿಸುತ್ತಾ ಪೂರ್ತಿ ಕೇಳಿಸಿಕೊಂಡರು.

"ಅಂದ್ರೆ ನೀವು ಹೇಳಿದ್ದನ್ನ ಮಾಡಿದೋರು ಕಳ್ಳರು," ಎಂದರು.

"ಹಾಗಲ್ಲಮ್ಮ..."

"ನಂಗೆ ಅರ್ಥ ಆಯ್ತು ಸರ್. ಕೆಲಸಕ್ಕೆ ಅರ್ಧ ದಿನ ರಜೆ ಹಾಕಿದ್ದೆ. ಎಷ್ಟು ಒಳ್ಳೆ ಪ್ರಶ್ನೆ ಕೊಟ್ಟಿದ್ದಾರೆ ನಮ್ ಸರ್, ಪುಸ್ತಕ ಬಿಟ್ಟು ಜನರ ಹತ್ರ ಕಳಿಸ್ತಿದ್ದಾರೆ ಅಂತ ನಮ್ಮತ್ತೆ ಹತ್ರ ಹೇಳಿದ್ದೆ." ಅವರ ದನಿ ಏರಲಿಲ್ಲ. ಏರಿದ್ದರೆ ನಮಗೆಲ್ಲ ಸುಲಭವಾಗುತ್ತಿತ್ತು.

ಪ್ರಿನ್ಸಿಪಾಲರು ಅವರನ್ನು ಆರೋಪದಿಂದ ಬಿಟ್ಟರು. ಆದರೆ ಆ ಆರು ಜನರ ವಿಷಯದಲ್ಲಿ ಸಭೆ ಅಡಕತ್ತರಿಯಲ್ಲಿ ಸಿಕ್ಕಿಕೊಂಡಿತು. ಅವರು ನಕಲು ಮಾಡಿದ್ದರು, ನಿಜ. ಆದರೆ ಅವರ ವಿರುದ್ಧ ಇದ್ದ ಸಾಕ್ಷಿಯೂ ಬೇಕರಿಯವರ ವಿರುದ್ಧ ಇದ್ದದ್ದೂ ಒಂದೇ, ಆ ಒಂದು ಪದ. ಒಬ್ಬರ ಮೇಲೆ ಸುಳ್ಳಾದ ಸಾಕ್ಷಿ ಉಳಿದವರ ಮೇಲೆ ನಿಜವೆಂದು ಯಾವ ಬಾಯಲ್ಲಿ ಹೇಳುವುದು? ಮೇಷ್ಟ್ರೇ ಮುಚ್ಚಿಟ್ಟು ಆಟ ಆಡಿದ ಮೇಲೆ, ನೀವು ಯಾಕೆ ಮುಚ್ಚಿಟ್ಟಿರಿ ಎಂದು ಮಕ್ಕಳನ್ನು ಗದರಿಸುವುದಾದರೂ ಹೇಗೆ ಎಂದು ನಾನು ಕೇಳಿದೆ. ತಮ್ಮ ತಲೆಯೆತ್ತಲಿಲ್ಲ.

"ದೂರು ವಾಪಸ್ ತಗೋತೀನಿ," ಎಂದ. "ಆರು ಜನಾನೂ ಕೂರಿಸ್ಕೊಂಡು ಮಾತಾಡ್ತೀನಿ. ಮಾತಲ್ಲಿ ಗೊತ್ತಾಗತ್ತೆ, ಏನು ಗೊತ್ತು ಏನು ಗೊತ್ತಿಲ್ಲ ಅಂತ."

ಮಾತಾಡಿದ ಕೂಡ. ಆರರಲ್ಲಿ ಮೂವರು ಮಾತಿನಲ್ಲೇ ಉತ್ತರ ಹೇಳಿದರು, ಇಬ್ಬರು ತಾವೇ ಹೊಸದಾಗಿ ಬರೆದು ತಂದರು. ಒಬ್ಬ ಮಾತ್ರ ಮತ್ತೆ ಯಂತ್ರದ ಹತ್ತಿರವೇ ಹೋಗಿರಬೇಕು, ಏಕೆಂದರೆ ಅವನ ಬಸ್ಸು ಈ ಸಲವೂ 'ಜೀವನಾಡಿ' ಆಗಿತ್ತು. ನನ್ನ ತಮ್ಮನಿಗೆ ಅಷ್ಟರಲ್ಲಿ ಒಂದು ವಿಷಯ ತಿಳಿದಿತ್ತು: ಉತ್ತರ ಓದುವುದಕ್ಕೆ ಅಡ್ಡದಾರಿ ಇಲ್ಲ. ಬಡಪಾಯಿ ಈಗ ಎಲ್ಲವನ್ನೂ ಓದುತ್ತಾನೆ, ನಿದ್ದೆಗೆಟ್ಟು ಕಣ್ಣು ಕೆಂಪು ಮಾಡಿಕೊಂಡು.

ಇಷ್ಟಕ್ಕೆ ಮುಗಿಯಿತೆಂದು ನಾನೂ ಅಂದುಕೊಂಡಿದ್ದೆ. ಮುಂದಿನ ತಿಂಗಳು ಒಂದು ಸಂಜೆ, ತರಗತಿಯಲ್ಲಿ ಯಾರೋ ಬಿಟ್ಟುಹೋಗಿದ್ದ ಲೈಬ್ರೆರಿ ಪುಸ್ತಕ ಹುಡುಕಿಕೊಂಡು ಅಲ್ಲಿಗೆ ಹೋದೆ. ಪಾಠ ಮುಗಿದಿತ್ತು, ಹೊಸ ಪ್ರಶ್ನೆ ಎಲ್ಲರ ಫೋನಿಗೂ ತಲುಪಿತ್ತು. ಬೇಕರಿಯವರು ಎದ್ದು ನಿಂತರು.

"ಸರ್, ಇಷ್ಟೇನಾ? ಇನ್ನೇನಾದ್ರೂ ಇದೆಯಾ ಇದರಲ್ಲಿ?"

ತರಗತಿ ನಕ್ಕಿತು. ನಾನೂ ನಕ್ಕೆ. ಅವರು ಮಾತ್ರ ನಗಲಿಲ್ಲ. ತಮಾಷೆಗೆ ಕೇಳಿರಲಿಲ್ಲ.

"ಇಷ್ಟೇ ಅಮ್ಮ. ಇನ್ನೇನೂ ಇಲ್ಲ."

"ಆಯ್ತು ಸರ್," ಎಂದು ಅವರು ಕೂತರು. ಸೌಜನ್ಯದಿಂದಲೇ ಕೂತರು. ಆಮೇಲೆ ಫೋನಿನ ದನಿ ತಗ್ಗಿಸಿ, ಕಿವಿಗಿಟ್ಟುಕೊಂಡು, ಮೊದಲಿನಿಂದ ಕೊನೆಯವರೆಗೂ ಪ್ರಶ್ನೆಯನ್ನು ಕೇಳಿಸಿಕೊಳ್ಳತೊಡಗಿದರು. ನನ್ನ ತಮ್ಮ ಚೀಲ ಹೆಗಲಿಗೇರಿಸಿದವನು ಹೊರಡದೆ, ಅದು ಮುಗಿಯುವವರೆಗೆ ಬೋರ್ಡಿನ ಪಕ್ಕದಲ್ಲಿ ನಿಂತು ಕಾದ.